ಗಟ್ಟಿ ಡಿಕಾಕ್ಷನ್ನಿನ ಗುಟ್ಟು

ನಮ್ಮ ಕೋಲಾರದ ಕಡೆ ಕಾಫಿಯನ್ನು ಹೊಗಳುವುದಕ್ಕೆ ಇರುವುದು ಒಂದೇ ಮಾತು: "ಗಟ್ಟಿಯಾಗಿದೆ." ತೆಗಳುವುದಕ್ಕೂ ಒಂದೇ ಮಾತು: "ನೀರು ನೀರು." ಮದುವೆ ಮನೆಯಿಂದ ಬಂದವರು ಹೋಳಿಗೆಯ ವಿಷಯ ಹೇಳದಿದ್ದರೂ ಕಾಫಿ ಗಟ್ಟಿಯಾಗಿತ್ತೇ ಇಲ್ಲವೇ ಎಂದು ಹೇಳಿಯೇ ಹೇಳುತ್ತಾರೆ. ಹಾಲಿಗೆ ಡಿಕಾಕ್ಷನ್ ಬಿದ್ದೊಡನೆ ಬಣ್ಣ ಏರಬೇಕು, ಲೋಟದ ಅಂಚಿನಲ್ಲಿ ಕಂದು ಗೆರೆ ನಿಲ್ಲಬೇಕು, ಕುಡಿದ ಮೇಲೆ ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಅದು ಕೂತಿರಬೇಕು. ಅಂಥ ಕಾಫಿ ಕೊಟ್ಟ ಮನೆಯಾಕೆ ಜಾಣೆ, ಕೈ ಧಾರಾಳ ಎಂದು ಹೆಸರು.

ಆದರೆ ಈ ಬಣ್ಣ, ಈ ಗಟ್ಟಿತನ ಕಾಫಿಯದೇ ಎಂದು ಯಾರು ಹೇಳಿದರು? ಎಷ್ಟೋ ಮನೆಗಳಲ್ಲಿ ಅದು ಕಾಫಿಯದಲ್ಲ, ಚಿಕೋರಿಯದು. ಚಿಕೋರಿ ಕೆಟ್ಟದ್ದು ಎಂದು ನಾನು ಹೇಳಹೊರಟಿಲ್ಲ. ನನ್ನ ಡಬ್ಬಿಯಲ್ಲೂ ಅದು ಇದೆ. ಎಷ್ಟಿದೆ ಎಂಬುದು ಮಾತ್ರ ನನಗೆ ಗೊತ್ತಿದೆ. ಆ "ಎಷ್ಟು" ಎಂಬುದನ್ನು ತಿಳಿದುಕೊಳ್ಳುವುದು ಹೇಗೆ, ಅದರಿಂದ ಏನು ಹೆಚ್ಚುಕಡಿಮೆ ಆಗುತ್ತದೆ ಎನ್ನುವುದೇ ಇಲ್ಲಿಯ ಮಾತು.

ಚಿಕೋರಿ ಒಂದು ಗಿಡದ ಬೇರು. ನೋಡುವುದಕ್ಕೆ ಸಣಕಲು ಮೂಲಂಗಿಯ ಹಾಗೆ. ಕಾಫಿ ಗಿಡಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ಕಾಫಿ ನಮಗೆ ಚಿಕ್ಕಮಗಳೂರು, ಕೊಡಗು, ಹಾಸನಗಳಿಂದ ಬಂದರೆ ಚಿಕೋರಿ ಬರುವುದು ಹೆಚ್ಚಾಗಿ ಗುಜರಾತು ಮತ್ತು ಉತ್ತರ ಪ್ರದೇಶದ ಹೊಲಗಳಿಂದ. ಬೇರನ್ನು ಅಗೆದು, ತೊಳೆದು, ತುಂಡು ಮಾಡಿ ಒಣಗಿಸಿ, ಆಮೇಲೆ ಕಾಫಿ ಬೀಜವನ್ನು ಹುರಿದ ಹಾಗೆಯೇ ಹುರಿದು ಪುಡಿ ಮಾಡುತ್ತಾರೆ. ಆ ಬೇರಿನಲ್ಲಿ ಇನ್ಯುಲಿನ್ ಎಂಬ ಒಂದು ಬಗೆಯ ಪಿಷ್ಟದಂಥ ಪದಾರ್ಥ ತುಂಬಿರುತ್ತದೆ. ಹುರಿಯುವಾಗ ಅದರಲ್ಲಿ ಒಂದಷ್ಟು ಸಕ್ಕರೆಯಾಗಿ, ಆ ಸಕ್ಕರೆ ಕಂದಿಹೋಗುತ್ತದೆ. ಬೆಲ್ಲದ ಪಾಕ ಒಲೆಯ ಮೇಲೆ ಒಂದು ಕ್ಷಣ ಹೆಚ್ಚಾದರೆ ಬರುವ ಆ ಕರಿ ಬಣ್ಣ, ಸುಟ್ಟ ಸಿಹಿಯ ವಾಸನೆ ನಮಗೆಲ್ಲ ಗೊತ್ತಲ್ಲ, ಚಿಕೋರಿಯ ಬಣ್ಣವೂ ರುಚಿಯೂ ಅದೇ ಜಾತಿಯದು.

ಇದು ಕಾಫಿಯ ಜೊತೆ ಸೇರಿದ್ದು ಬಡತನದಿಂದ. ಯೂರೋಪಿನಲ್ಲಿ 1806ರಲ್ಲಿ ನೆಪೋಲಿಯನ್ ಬ್ರಿಟಿಷರ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದಾಗ ಕಾಫಿ ಸಿಗುವುದು ದುರ್ಲಭವಾಯಿತು. ಜನ ಚಿಕೋರಿಯ ಬೇರನ್ನು ಹುರಿದು ಕುಡಿದರು. ದಿಗ್ಬಂಧನ ಹೋಯಿತು, ಕಾಫಿ ಮತ್ತೆ ಬಂತು, ಆದರೆ ನಾಲಿಗೆಗೆ ಹತ್ತಿದ ಚಿಕೋರಿ ಬಿಡಲಿಲ್ಲ. ನಮ್ಮಲ್ಲಿಯೂ ಅಗ್ಗ ಎಂದು ಬಂದದ್ದು ರುಚಿಯಾಗಿ ಉಳಿದುಕೊಂಡಿದೆ. ಚಿಕೋರಿ ಇಲ್ಲದ ಕಾಫಿ ಕೊಟ್ಟರೆ "ಏನೋ ಕಡಿಮೆಯಾಗಿದೆ" ಎನ್ನುವವರು ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಇಲ್ಲ!

ಅವರು ಹೇಳುವುದರಲ್ಲೂ ನಿಜವಿದೆ. ನಮ್ಮದು ಹಾಲಿನ ಜಿಲ್ಲೆ. ಕಪ್ಪು ಕಾಫಿ ಕುಡಿಯುವವರನ್ನು ಹುಡುಕಬೇಕು. ಮುಕ್ಕಾಲು ಲೋಟ ಹಾಲಿಗೆ ಕಾಲು ಲೋಟ ಡಿಕಾಕ್ಷನ್ ಬಿದ್ದಾಗ ಬರೀ ಕಾಫಿಯ ಡಿಕಾಕ್ಷನ್ ಆ ಹಾಲಿನಲ್ಲಿ ಸ್ವಲ್ಪ ಸೊರಗುತ್ತದೆ. ಚಿಕೋರಿ ಇದ್ದರೆ ಬಣ್ಣ ನಿಲ್ಲುತ್ತದೆ, ಬಾಯಿಗೆ ದಪ್ಪ ಎನಿಸುತ್ತದೆ, ಅರೇಬಿಕಾ ಬೀಜದ ಸಣ್ಣ ಹುಳಿ ಮರೆಯಾಗುತ್ತದೆ. ಇನ್ನೊಂದು ಉಪಕಾರವೂ ಇದೆ. ನಮ್ಮ ಎರಡು ಅಂತಸ್ತಿನ ಫಿಲ್ಟರಿನಲ್ಲಿ ಬರೀ ಕಾಫಿಪುಡಿ ಹಾಕಿದರೆ ಬಿಸಿನೀರು ದಡಬಡ ಇಳಿದುಬಿಡುತ್ತದೆ. ಚಿಕೋರಿ ನೀರು ಬಿದ್ದೊಡನೆ ಮೆತ್ತಗಾಗಿ ಪುಡಿಯನ್ನು ಹಿಡಿದುಕೊಳ್ಳುವುದರಿಂದ ನೀರು ನಿಧಾನವಾಗಿ ಇಳಿಯುತ್ತದೆ, ಕಾಫಿಯ ಸಾರವೂ ಚೆನ್ನಾಗಿ ಬರುತ್ತದೆ. ಅದೇ ಚಿಕೋರಿ ಅತಿಯಾದರೆ ಫಿಲ್ಟರು ಕಟ್ಟಿಕೊಂಡು ಬೆಳಿಗ್ಗೆ ಆರು ಗಂಟೆಗೆ ಹಾಕಿದ ನೀರು ಏಳಕ್ಕೂ ಮೇಲೆಯೇ ನಿಂತಿರುತ್ತದೆ. ಹೊಸ ಪುಡಿ ತಂದ ದಿನ ಫಿಲ್ಟರು ಹೀಗೆ ಮುಷ್ಕರ ಹೂಡಿದರೆ ಮೊದಲು ಪ್ಯಾಕೆಟ್ಟಿನ ಮೇಲಿನ ಅಂಕಿ ನೋಡಿ.

ಚಿಕೋರಿ ಕೊಡಲಾರದ್ದು ಎರಡು. ಒಂದು, ಕಾಫಿಯ ಪರಿಮಳ. ಡಬ್ಬಿಯ ಮುಚ್ಚಳ ತೆಗೆದಾಗ ಪಕ್ಕದ ಮನೆಗೂ ಹೋಗುವ ಆ ಘಮ ಬೀಜದ್ದು, ಬೇರಿನದಲ್ಲ. ಇನ್ನೊಂದು ಕೆಫೀನ್, ಅಂದರೆ ಕಣ್ಣಿನ ನಿದ್ದೆ ಹಾರಿಸುವ, ಅಭ್ಯಾಸವಾದವರಿಗೆ ಇಲ್ಲದಿದ್ದರೆ ತಲೆ ಹಿಡಿಯುವ ಆ ವಸ್ತು. ಚಿಕೋರಿಯಲ್ಲಿ ಅದು ಒಂದು ಚೂರೂ ಇಲ್ಲ.

ಈ ಎರಡನೆಯ ಮಾತನ್ನು ನಾನು ತಿಳಿದದ್ದು ಶ್ರೀನಿವಾಸಪುರದ ನಮ್ಮ ನಾದಿನಿಯ ಮನೆಯಲ್ಲಿ. ಅವಳ ಅತ್ತೆಗೆ ಎಪ್ಪತ್ತು ದಾಟಿದೆ. ದಿನಕ್ಕೆ ಮೂರು ಲೋಟ ಕಾಫಿ, ಹೊತ್ತು ತಪ್ಪುವಂತಿಲ್ಲ. ಮಾವಿನ ಸುಗ್ಗಿಯ ದಿನಗಳಲ್ಲಿ ಮನೆಯಲ್ಲಿ ಆಳುಕಾಳು ಹೆಚ್ಚು, ಕಾಫಿಯ ಖರ್ಚೂ ಹೆಚ್ಚು. ಮಾಮೂಲಿ ಪುಡಿ ದುಬಾರಿಯಾಯಿತೆಂದು ಮನೆಯ ಗಂಡಸರು ಸಾಮಾನಿನ ಜೊತೆ ಬೇರೆ ಪ್ಯಾಕೆಟ್ಟು ತಂದಿಟ್ಟರು. ನಾದಿನಿ ಎಂದಿನಂತೆ ಅಷ್ಟೇ ಚಮಚ ಹಾಕಿ ಇಳಿಸಿದಳು. ಡಿಕಾಕ್ಷನ್ ಕರ್ರಗೆ, ಎಣ್ಣೆಯ ಹಾಗೆ ಬಂತು. ಅತ್ತೆ ಕುಡಿದು, "ಈ ಪುಡೀನೇ ಚೆನ್ನಾಗಿದೆ ಕಣಮ್ಮ, ಗಟ್ಟಿಯಾಗಿದೆ" ಎಂದರು. ಮರುದಿನ ಸಾಯಂಕಾಲದಿಂದ ಅವರಿಗೆ ತಲೆನೋವು. ಹಣೆಯ ಎರಡೂ ಪಕ್ಕ ಒತ್ತಿಹಿಡಿದ ಹಾಗೆ. ಕಾಫಿ ಕುಡಿದರೆ ಹೋಗುತ್ತದೆಂದು ನಾಲ್ಕನೆಯ ಲೋಟ ಕುಡಿದರು. ಡಾಕ್ಟರ ಹತ್ತಿರ ಹೋಗಿ ಬಿ.ಪಿ. ನೋಡಿಸಿದರು, ಎಲ್ಲ ಸರಿಯಾಗಿತ್ತು. "ಈಚೆಗೆ ಕಾಫಿ ಟೀ ಬಿಟ್ಟಿರಾ?" ಎಂದು ಡಾಕ್ಟರು ಕೇಳಿದರಂತೆ. "ಬಿಡೋದೆಲ್ಲಿಂದ ಬಂತು ಸ್ವಾಮಿ, ಮುಂಚೆಗಿಂತ ಗಟ್ಟಿಯಾಗೇ ಕುಡೀತಿದ್ದೀನಿ" ಎಂದು ಅತ್ತೆ ನಕ್ಕರಂತೆ.

ನಾನು ಹೋದಾಗ ನಾದಿನಿ ಇದನ್ನೆಲ್ಲ ಹೇಳಿದಳು. ಇಬ್ಬರೂ ಎರಡು ಪ್ಯಾಕೆಟ್ಟುಗಳನ್ನು ಎದುರಿಗಿಟ್ಟುಕೊಂಡು ಓದಿದೆವು. ಹಳೆಯದರಲ್ಲಿ ಕಾಫಿ 80, ಚಿಕೋರಿ 20. ಹೊಸದರಲ್ಲಿ ಕಾಫಿ 53, ಚಿಕೋರಿ 47. ಅಂದರೆ ಅದೇ ಚಮಚ, ಅದೇ ಲೋಟ, ಆದರೆ ಒಳಗೆ ಹೋಗುವ ಕಾಫಿಯಲ್ಲಿ ಮೂರರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. ಐವತ್ತು ವರ್ಷ ಕಾಫಿಗೆ ಪಳಗಿದ ದೇಹ ಅದನ್ನು ಕಂಡುಹಿಡಿಯಿತು. ಕಣ್ಣು, ನಾಲಿಗೆ ಎರಡೂ ಮೋಸಹೋದವು. ಹಳೆಯ ಪುಡಿ ಮತ್ತೆ ಬಂದ ಮೇಲೆ ಎರಡು ದಿನಕ್ಕೆ ತಲೆನೋವು ಇಳಿಯಿತು. ತಲೆನೋವಿಗೆ ನೂರು ಕಾರಣ ಇರುತ್ತದೆ, ಎಲ್ಲಕ್ಕೂ ಪುಡಿಯನ್ನು ದೂರಬೇಡಿ. ಆದರೆ ಕೆಫೀನ್ ಒಮ್ಮೆಲೇ ಕಡಿಮೆಯಾದರೆ ಒಂದೆರಡು ದಿನದಲ್ಲಿ ತಲೆನೋವು ಬಂದು ಕೆಲವು ದಿನ ಕಾಡುವುದು ವೈದ್ಯರಿಗೆ ಗೊತ್ತಿರುವ ಸಂಗತಿಯೇ. ಇದನ್ನೇ ತಿರುಗಿಸಿ ನೋಡಿದರೆ, ರಾತ್ರಿ ನಿದ್ದೆ ಬಾರದವರಿಗೆ ಸಂಜೆಯ ಲೋಟದಲ್ಲಿ ಚಿಕೋರಿ ಹೆಚ್ಚಿದ್ದರೆ ಅನುಕೂಲವೇ.

ಕಾಫಿ ಕಡಿಮೆಯಾದರೂ ಡಿಕಾಕ್ಷನ್ ಗಟ್ಟಿಯಾದದ್ದು ಹೇಗೆ? ಗುಟ್ಟು ಇರುವುದೇ ಇಲ್ಲಿ. ಹುರಿದ ಕಾಫಿಪುಡಿ ಬಿಸಿನೀರಿಗೆ ಬಿಟ್ಟುಕೊಡುವುದು ತನ್ನ ತೂಕದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ. ಉಳಿದದ್ದು ಚರಟ, ಗಿಡದ ಬುಡಕ್ಕೆ. ಚಿಕೋರಿಯಾದರೋ ಅರ್ಧಕ್ಕಿಂತ ಹೆಚ್ಚು ಕರಗಿಹೋಗುತ್ತದೆ. ಸುಮಾರಾಗಿ ಲೆಕ್ಕ ಹಾಕಿ. 100 ಗ್ರಾಂ ಬರೀ ಕಾಫಿಯಿಂದ 30 ಗ್ರಾಂ ಸಾರ ಬರುತ್ತದೆ ಎನ್ನೋಣ. 53:47ರ ಪುಡಿಯಲ್ಲಿ ಕಾಫಿಯಿಂದ 16 ಗ್ರಾಂ, ಚಿಕೋರಿಯಿಂದ 26 ಗ್ರಾಂ, ಒಟ್ಟು 42. ಡಿಕಾಕ್ಷನ್ ಗಟ್ಟಿಯಾಯಿತು, ಸರಿ. ಆದರೆ ಆ ಗಟ್ಟಿಯಲ್ಲಿ ಕಾಫಿಗಿಂತ ಚಿಕೋರಿಯೇ ಹೆಚ್ಚು! ಪ್ಯಾಕೆಟ್ಟಿನಲ್ಲಿ ಕಾಫಿ ಅರ್ಧಕ್ಕಿಂತ ಮೇಲಿದ್ದರೂ ಲೋಟದಲ್ಲಿ ಅದು ಅರ್ಧಕ್ಕಿಂತ ಕೆಳಗಿಳಿಯುತ್ತದೆ. 80:20ರಲ್ಲಾದರೆ ಕಾಫಿಯಿಂದ 24, ಚಿಕೋರಿಯಿಂದ 11. ಮೂರರಲ್ಲಿ ಎರಡು ಪಾಲು ಕಾಫಿಯೇ ಉಳಿಯುತ್ತದೆ. ಮನೆಯ ಫಿಲ್ಟರಿನಲ್ಲಿ ಎಲ್ಲ ಸಾರವೂ ಇಳಿಯುವುದಿಲ್ಲವಾದ್ದರಿಂದ ಅಂಕಿ ಅಷ್ಟಿಷ್ಟು ಹಿಂದುಮುಂದಾದೀತು, ಆದರೆ ತಕ್ಕಡಿ ವಾಲುವ ಕಡೆ ಇದೇ.

ಈ ಅಂಕಿಗಳನ್ನು ಪ್ಯಾಕೆಟ್ಟಿನ ಮೇಲೆ ಹಾಕಲೇಬೇಕೆಂದು ಕಾನೂನು ಇದೆ. ಆಹಾರ ಕಲಬೆರಕೆ ತಡೆಯ 1954ರ ಕಾಯಿದೆಯ ಕಾಲದಲ್ಲೂ ಇತ್ತು, ಅದರ ಬದಲು ಬಂದ 2006ರ ಆಹಾರ ಸುರಕ್ಷತೆಯ ಕಾಯಿದೆಯಲ್ಲೂ ಇದೆ. ಚಿಕೋರಿ ಬೆರೆಸುವುದು ತಪ್ಪಲ್ಲ. ಬೆರೆಸಿ ಹೇಳದಿರುವುದು ತಪ್ಪು. ಬೆರೆಸಿದ ಪುಡಿಯಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಕೂಡದು. 53:47 ಎಂಬ ವಿಚಿತ್ರ ಅಂಕಿ ಎಲ್ಲಿಂದ ಬಂತೆಂದು ಈಗ ಹೊಳೆಯಿತಲ್ಲ? ಗೆರೆ ದಾಟದ ಹಾಗೆ, ಗೆರೆಯ ಪಕ್ಕದಲ್ಲೇ ನಿಲ್ಲುವ ಜಾಣತನ ಅದು. ಅದರ ಮೇಲೆ 60:40, 70:30, 80:20, 85:15 ಹೀಗೆ ಪೇಟೆಯಲ್ಲಿ ಸಿಗುತ್ತವೆ. ನೀರಿಗೆ ಹಾಕಿ ಕಲಕುವ ಇನ್‌ಸ್ಟಂಟ್ ಪುಡಿಗಳಲ್ಲೂ ಚಿಕೋರಿ ಬೆರೆತವು ಇವೆ, ಅವಕ್ಕೂ ಈ 51ರ ನಿಯಮವೇ.

ಓದುವಾಗ ಪ್ಯಾಕೆಟ್ಟಿನ ಮುಂಭಾಗದ ದೊಡ್ಡ ಹೆಸರನ್ನು, ಹಬೆಯಾಡುವ ಲೋಟದ ಚಿತ್ರವನ್ನು ಬಿಟ್ಟುಬಿಡಿ. "ಸ್ಟ್ರಾಂಗ್", "ರಿಚ್", "ಸ್ಪೆಷಲ್" ಎಂಬ ಮಾತುಗಳಿಗೆ ಇಂತಿಷ್ಟು ಕಾಫಿ ಎಂಬ ಅರ್ಥವಿಲ್ಲ. "ಕಾಫಿ ಬ್ಲೆಂಡೆಡ್ ವಿತ್ ಚಿಕೋರಿ" ಅಥವಾ "ಕಾಫಿ-ಚಿಕೋರಿ ಮಿಕ್ಸ್ಚರ್" ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಇರುತ್ತದೆ. ಅದರ ಜೊತೆಗೇ "ಈ ಮಿಶ್ರಣದಲ್ಲಿ ಕಾಫಿ ಶೇಕಡಾ ಇಷ್ಟು, ಚಿಕೋರಿ ಶೇಕಡಾ ಇಷ್ಟು" ಎಂಬ ಅರ್ಥದ ಅಂಕಿಗಳು. ಎರಡೂ ಸೇರಿ ನೂರಾಗಬೇಕು. ಒಂದೇ ಕಂಪನಿಯ ಹಸಿರು ಪ್ಯಾಕೆಟ್ಟಿಗೂ ಕೆಂಪು ಪ್ಯಾಕೆಟ್ಟಿಗೂ ಅಂಕಿ ಬೇರೆ ಇರಬಹುದು, ಆದ್ದರಿಂದ ಕಂಪನಿಯ ಹೆಸರು ನೆನಪಿಟ್ಟುಕೊಂಡರೆ ಸಾಲದು.

ಅಂಗಡಿಯಲ್ಲಿ ಕಣ್ಣೆದುರೇ ಪುಡಿ ಮಾಡಿಸಿ ತರುವವರಿಗೆ ಈ ಚೀಟಿಯ ಭಾಗ್ಯವಿಲ್ಲ. ಅಲ್ಲಿ ನಮ್ಮ ಬಾಯಿಮಾತೇ ಲೇಬಲ್ಲು. ಮಾಲೂರಿನಲ್ಲಿ ನಮ್ಮ ಚಿಕ್ಕಮ್ಮ ಇದ್ದಾರೆ. ಅವರ ಮಗ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವನು, ತಿಂಗಳಿಗೊಮ್ಮೆ ಅಲ್ಲಿಂದಲೇ ಪುಡಿ ತರುತ್ತಿದ್ದ. ಒಂದು ಅಂಗಡಿಯಿಂದ ತಂದದ್ದು ಒಂದು ಬಗೆ, ಇನ್ನೊಂದರಿಂದ ತಂದದ್ದು ಇನ್ನೊಂದು ಬಗೆ. ಎರಡು ಕಡೆಯೂ ಅವನು ಹೇಳುತ್ತಿದ್ದದ್ದು ಒಂದೇ: "ಒಂದು ಕೇಜಿಗೆ ಕಾಲು ಕೇಜಿ ಚಿಕೋರಿ." ಚಿಕ್ಕಮ್ಮನಿಗೆ ಅನುಮಾನ. ವಿಚಾರಿಸಿದರೆ ಇಬ್ಬರು ಅಂಗಡಿಯವರೂ ಮೋಸ ಮಾಡಿರಲಿಲ್ಲ. ಒಬ್ಬ ಒಂದು ಕೇಜಿ ಕಾಫಿ ತೂಗಿ, ಅದರ ಮೇಲೆ ಕಾಲು ಕೇಜಿ ಚಿಕೋರಿ ಹಾಕಿ ಒಂದೂಕಾಲು ಕೇಜಿ ಕೊಡುತ್ತಿದ್ದ. ಅದು 80:20. ಇನ್ನೊಬ್ಬ ಮುಕ್ಕಾಲು ಕೇಜಿ ಕಾಫಿಗೆ ಕಾಲು ಕೇಜಿ ಚಿಕೋರಿ ಸೇರಿಸಿ ಒಂದು ಕೇಜಿ ಮಾಡುತ್ತಿದ್ದ. ಅದು 75:25. ಮಾತು ಒಂದೇ, ಪುಡಿ ಎರಡು. ಈಗ ಚಿಕ್ಕಮ್ಮ ಮಗನ ಕೈಗೆ ಚೀಟಿ ಬರೆದುಕೊಡುತ್ತಾರೆ: "ಕಾಫಿ 800 ಗ್ರಾಂ, ಚಿಕೋರಿ 200 ಗ್ರಾಂ, ಬೇರೆ ಬೇರೆ ತೂಗಿ ಬೆರೆಸುವುದು." ತಕ್ಕಡಿಯ ಮುಂದೆ ನಿಂತು ಹೇಳುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾತು ಇಲ್ಲ. ಬೆಲೆಯನ್ನೂ ಹಾಗೆಯೇ ಬೇರೆ ಬೇರೆ ಕೇಳಬೇಕು, ಯಾಕೆಂದರೆ ಚಿಕೋರಿಯ ಬೆಲೆ ಕಾಫಿಗಿಂತ ಬಹಳ ಕಡಿಮೆ.

"ಚಿಕೋರಿ ಇಲ್ಲ" ಎಂದು ಕೊಟ್ಟ ಪುಡಿಯ ಮೇಲೆ ಅನುಮಾನ ಬಂದರೆ ಅಡಿಗೆಮನೆಯಲ್ಲೇ ಒಂದು ಪರೀಕ್ಷೆ ಇದೆ. ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ, ಅಲುಗಾಡದ ಹಾಗೆ ಇಟ್ಟು, ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ. ಕಲಕಬೇಡಿ. ಕಾಫಿ ಸ್ವಲ್ಪ ಹೊತ್ತು ತೇಲುತ್ತದೆ. ಚಿಕೋರಿ ಬೇಗನೆ ಮುಳುಗುತ್ತದೆ, ಮುಳುಗುವಾಗ ಹಿಂದೆ ಕಂದು ಬಣ್ಣದ ಎಳೆಗಳನ್ನು ಬಿಡುತ್ತದೆ, ಹೊಸ ಸೀರೆಯಿಂದ ಬಣ್ಣ ಬಿಟ್ಟ ಹಾಗೆ. ಇದರಿಂದ ಚಿಕೋರಿ ಇದೆಯೇ ಎಂದು ತಿಳಿಯುತ್ತದೆಯೇ ಹೊರತು ಎಷ್ಟಿದೆ ಎಂದು ತಿಳಿಯುವುದಿಲ್ಲ. ಕಾಫಿಪುಡಿಯೂ ಹೆಚ್ಚು ಹೊತ್ತು ಬಿಟ್ಟರೆ ಮುಳುಗುತ್ತದೆ. ಆದ್ದರಿಂದ ನೋಡಬೇಕಾದದ್ದು ಮೊದಲ ಕೆಲವು ಸೆಕೆಂಡುಗಳನ್ನು ಮಾತ್ರ. ನೂರಕ್ಕೆ ಎಷ್ಟು ಎಂಬ ಲೆಕ್ಕ ಪ್ರಯೋಗಾಲಯದ ಕೆಲಸ.

ಹಾಗಾದರೆ ಮನೆಗೆ ಯಾವ ಪ್ರಮಾಣ ಸರಿ? ಮುಳಬಾಗಿಲಿನಲ್ಲಿ ಅಕ್ಕನ ಮನೆಯಲ್ಲಿ ಒಂದು ಭಾನುವಾರ ನಾವು ಇದನ್ನು ನೋಡಿಯೇಬಿಟ್ಟೆವು. ಬರೀ ಕಾಫಿಪುಡಿ, ಬರೀ ಚಿಕೋರಿ ಬೇರೆ ಬೇರೆ ತಂದು ಮೂರು ಡಬ್ಬಿ ಮಾಡಿದೆವು: ಬರೀ ಕಾಫಿಯದು ಒಂದು, 80:20ರದು ಒಂದು, 60:40ರದು ಒಂದು. ಪುಡಿ, ನೀರು, ಹಾಲು, ಸಕ್ಕರೆ ಎಲ್ಲಕ್ಕೂ ಸಮ. ಹೊರಗೆ ಕೂತವರಿಗೆ ಯಾವ ಲೋಟ ಯಾವುದೆಂದು ಹೇಳಲಿಲ್ಲ. ಬರೀ ಕಾಫಿ ಮೂಗಿಗೆ ಗೆದ್ದಿತು, ಬಾಯಿಗೆ ಕೆಲವರಿಗೆ ತೆಳುವೆನಿಸಿತು. 60:40 ಕಣ್ಣಿಗೆ ಗೆದ್ದಿತು. ಆದರೆ ಅರ್ಧ ಲೋಟ ಕುಡಿಯುವಷ್ಟರಲ್ಲಿ ಸುಟ್ಟ ಬೆಲ್ಲದ ಕಹಿ ಗಂಟಲಲ್ಲಿ ನಿಂತಿತೆಂದು ಭಾವ ನೀರು ಕೇಳಿದರು. 80:20ಕ್ಕೆ ಹೆಚ್ಚು ಕೈ ಎದ್ದವು. ಮಸಾಲೆ ದೋಸೆ ತಿಂದ ಮೇಲೆ ಕುಡಿಯುವುದಕ್ಕೆ ಮಾತ್ರ 60:40 ಆಗಬಹುದೆಂದು ಅಕ್ಕನ ಮಗ ಹೇಳಿದ. ಖಾರ ತಿಂದ ಬಾಯಿಗೆ ಪರಿಮಳ ತಿಳಿಯದು, ಬಣ್ಣವೂ ಸಿಹಿಗಹಿಯೂ ತಿಳಿಯುತ್ತವೆ. ಅವನ ಮಾತೂ ಸುಳ್ಳಲ್ಲ.

ಚಿಕೋರಿ ಹೆಚ್ಚಿರುವ ಪ್ಯಾಕೆಟ್ಟು ಈಗಾಗಲೇ ಮನೆಗೆ ಬಂದಿದ್ದರೆ ಎಸೆಯಬೇಕಾಗಿಲ್ಲ. 200 ಗ್ರಾಂ 60:40ರ ಪುಡಿಯಲ್ಲಿ ಕಾಫಿ 120, ಚಿಕೋರಿ 80 ಇರುತ್ತದೆ. ಅದಕ್ಕೆ 200 ಗ್ರಾಂ ಬರೀ ಕಾಫಿಪುಡಿ ಸೇರಿಸಿ. ಕಾಫಿ 320 ಆಯಿತು, ಚಿಕೋರಿ 80ರಲ್ಲೇ ನಿಂತಿತು. ಒಟ್ಟು 400ಕ್ಕೆ 80, ಅಂದರೆ 80:20. ಒಣಗಿದ ಚಮಚದಿಂದ ಚೆನ್ನಾಗಿ ಕಲಸಿ, ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಚಿಕೋರಿ ಗಾಳಿಯ ತೇವವನ್ನು ಬೇಗ ಹೀರಿಕೊಂಡು ಗಂಟು ಕಟ್ಟುತ್ತದೆ.

2024, 2025ರಲ್ಲಿ ಕಾಫಿ ಬೀಜದ ಬೆಲೆ ದಾಖಲೆಯ ಮಟ್ಟಕ್ಕೆ ಏರಿದ ಮೇಲೆ ಕಡಿಮೆ ಬೆಲೆಯ ಪ್ಯಾಕೆಟ್ಟಿನ ಕಡೆ ಕೈ ಹೋಗುವುದು ಸಹಜ. ಹೋಗಲಿ, ಆದರೆ ಪ್ಯಾಕೆಟ್ಟಿನ ಬೆಲೆಯನ್ನಲ್ಲ, ಒಳಗಿನ ಕಾಫಿಯ ಬೆಲೆಯನ್ನು ಹೋಲಿಸಿ. 200 ಗ್ರಾಮಿನ 60:40 ಪ್ಯಾಕೆಟ್ಟಿಗೆ 120 ರೂಪಾಯಿ, ಅಷ್ಟೇ ತೂಕದ 80:20 ಪ್ಯಾಕೆಟ್ಟಿಗೆ 150 ರೂಪಾಯಿ ಎನ್ನೋಣ. ಮೊದಲನೆಯದರಲ್ಲಿ ಕಾಫಿ 120 ಗ್ರಾಂ, ಗ್ರಾಮಿಗೆ ಒಂದು ರೂಪಾಯಿ ಬಿತ್ತು. ಎರಡನೆಯದರಲ್ಲಿ 160 ಗ್ರಾಂ, ಗ್ರಾಮಿಗೆ 94 ಪೈಸೆ. ಅಗ್ಗವೆಂದು ತಂದದ್ದೇ ದುಬಾರಿ. ಸೊಪ್ಪಿನ ಕಟ್ಟನ್ನು ಕೊಳ್ಳುವಾಗ ಕಡ್ಡಿ ಎಷ್ಟು, ಎಲೆ ಎಷ್ಟು ಎಂದು ತಿರುಗಿಸಿ ನೋಡದೆ ನಾವು ಬುಟ್ಟಿಗೆ ಹಾಕಿಕೊಳ್ಳುತ್ತೇವೆಯೇ? ಕಾಫಿಯ ಪ್ಯಾಕೆಟ್ಟನ್ನೂ ಹಾಗೆ ಒಮ್ಮೆ ತಿರುಗಿಸಿದರೆ ಆಯಿತು.